ಯಾವ ಡ್ಯಾಶ್‌ಬೋರ್ಡ್‌ನಲ್ಲಿ ಮುಖ್ಯ ಅಂಕಿ ಬೇಗ ಕಾಣುತ್ತೆ? ಹೀಗೆ ಪರೀಕ್ಷೆ ಮಾಡಿ

ಪ್ರಶ್ನೆ: ನಮ್ಮ ಚಿಕ್ಕ ಹೋಟೆಲಿಗೆ ಎರಡು ಡ್ಯಾಶ್‌ಬೋರ್ಡ್ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಮ್ಯಾನೇಜರ್‌ಗೆ ಯಾವುದು ಬೇಗ ಅರ್ಥ ಆಗುತ್ತೆ ಅಂತ ಹೇಗೆ ನೋಡೋದು?

ಸ್ಟಾಪ್‌ವಾಚ್ ಹಿಡಿದು ನೋಡಿ, ಸಾಕು. ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಭಾವನ ಹೋಟೆಲಿಗೆ ನಾನು ಮಾಡಿದ್ದು ಅದನ್ನೇ.

ಮೊದಲು ಒಂದೇ ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ. ನಮ್ಮದು "ಇವತ್ತು ಇಲ್ಲಿಯವರೆಗೆ ವ್ಯಾಪಾರ ಎಷ್ಟು?" ಆಮೇಲೆ ಸ್ಕ್ರೀನ್‌ಶಾಟನ್ನು ಮ್ಯಾನೇಜರ್ ದಿನಾ ಹಿಡಿಯೋ ಫೋನಿನಲ್ಲೇ ತೋರಿಸಿ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣೋ ಅಕ್ಷರ ಫೋನಿನಲ್ಲಿ ಇರುವೆಯಷ್ಟಾಗುತ್ತೆ. ಎರಡರಲ್ಲೂ ಅಂಕಿ ಬೇರೆ ಬೇರೆ ಇರಬೇಕು, ಇಲ್ಲದಿದ್ದರೆ ಎರಡನೇ ಸಲ ಅವರು ಓದೋದಿಲ್ಲ, ನೆನಪಿನಿಂದ ಹೇಳ್ತಾರೆ. ಅರ್ಧ ಜನಕ್ಕೆ ಮೊದಲನೆಯದನ್ನು ಮೊದಲು, ಉಳಿದವರಿಗೆ ಎರಡನೆಯದನ್ನು ಮೊದಲು ತೋರಿಸಿ.

ನಾವು ನಾಲ್ಕು ಜನರಿಗೆ ತೋರಿಸಿದೆವು. ಒಂದರಲ್ಲಿ ಕಾರಿನ ಸ್ಪೀಡೋಮೀಟರ್ ತರಹದ ಮುಳ್ಳು, ಪಕ್ಕದಲ್ಲಿ ಬಣ್ಣಬಣ್ಣದ ಪೈ ಚಾರ್ಟ್, ಅಂಕಿ ಮಾತ್ರ ಮುಳ್ಳಿನ ಕೆಳಗೆ ಸಣ್ಣದಾಗಿ. ಎಲ್ಲರಿಗೂ ಏಳೆಂಟು ಸೆಕೆಂಡ್ ಹಿಡಿಯಿತು. ಒಬ್ಬರಂತೂ ಮೇಲಿದ್ದ ತಿಂಗಳ ಮೊತ್ತವನ್ನೇ ಓದಿಬಿಟ್ಟರು. ಇನ್ನೊಂದರಲ್ಲಿ ಎಡಗಡೆ ಮೇಲೆ ದಪ್ಪಗೆ ಅಂಕಿ, ಅಷ್ಟೇ. ಎರಡು ಮೂರು ಸೆಕೆಂಡಿಗೆ ಉತ್ತರ ಬಂತು.

ಆದರೆ ಬೇಗ ಬಂದ ಉತ್ತರ ಸರಿಯಾಗಿತ್ತಾ ಅಂತ ಬರೆದಿಡಲೇಬೇಕು. ಗಲ್ಲೆಯಲ್ಲಿ ಕೂರೋ ಹುಡುಗ ಎರಡನೆಯದನ್ನು ನೋಡಿ ತಟ್ಟನೆ "ಹದಿನೆಂಟು ಸಾವಿರ" ಅಂದ. ಪರದೆ ಮೇಲೆ ಇದ್ದದ್ದು 184,250. ನಮ್ಮ ಕಣ್ಣಿಗೆ ಅಭ್ಯಾಸ ಇರೋದು 1,84,250, ಅಲ್ವಾ? ಕಾಮಾ ಜಾಗ ತಪ್ಪಿದರೆ ಲಕ್ಷ ಸಾವಿರ ಆಗಿಬಿಡುತ್ತೆ. ನಮ್ಮದು ಗೂಗಲ್ ಶೀಟ್ಸ್‌ನಲ್ಲಿ ಮಾಡಿದ್ದು, ಆದ್ದರಿಂದ ಕಸ್ಟಮ್ ನಂಬರ್ ಫಾರ್ಮ್ಯಾಟ್‌ನಲ್ಲಿ ಇದನ್ನು ಹಾಕಿದೆ:

```
[>=10000000]##\,##\,##\,##0;[>=100000]##\,##\,##0;##,##0
```

ಬೇರೆ ಅಂಕಿ ಹಾಕಿ ಮತ್ತೆ ತೋರಿಸಿದಾಗ ಅದೇ ಹುಡುಗ ಸರಿಯಾಗಿ ಓದಿದ.

ಇನ್ನೊಂದು ಪ್ರಶ್ನೆ ಕೇಳದೆ ಬಿಡಬೇಡಿ: "ಇದು ಒಳ್ಳೆಯದೋ ಕೆಟ್ಟದ್ದೋ?" ಅಲ್ಲಿ ನಮ್ಮ ಗೆದ್ದ ಸ್ಕ್ರೀನ್‌ಶಾಟೂ ಸೋತಿತು. ಸೋಮವಾರ ಸಂಜೆ ನಾಲ್ಕು ಗಂಟೆಯ ಅಂಕಿಯನ್ನು ಭಾನುವಾರದ ಇಡೀ ದಿನದ ಜೊತೆ ಹೋಲಿಸಿದರೆ ಯಾವಾಗಲೂ ಕಡಿಮೆಯೇ ಕಾಣುತ್ತೆ. ಹಾಗಾಗಿ ಅಂಕಿಯ ಕೆಳಗೆ ಒಂದೇ ಸಾಲು ಸೇರಿಸಿದೆವು, "ಕಳೆದ ಸೋಮವಾರ ಇಷ್ಟೊತ್ತಿಗೆ: 1,71,900". ಏರಿದೆಯೋ ಇಳಿದಿದೆಯೋ ಅನ್ನೋದಕ್ಕೆ ಬರೀ ಕೆಂಪು ಹಸಿರು ಬೇಡ, ಬಾಣವೂ ಇರಲಿ, ಯಾಕೆಂದರೆ ಆ ಎರಡು ಬಣ್ಣ ಬೇರೆ ಮಾಡಿ ನೋಡಲು ಆಗದ ಗಂಡಸರು ಸಾಕಷ್ಟಿದ್ದಾರೆ.

ಸ್ಕ್ರೀನ್‌ಶಾಟ್‌ನಿಂದ ಗೊತ್ತಾಗದ್ದು ಒಂದಿದೆ, ಪೇಜ್ ತೆರೆಯೋಕೆ ಎಷ್ಟು ಹೊತ್ತು ಬೇಕು ಅನ್ನೋದು. ದುಡ್ಡು ಕೊಡೋ ಮುಂಚೆ ಮಧ್ಯಾಹ್ನದ ಊಟದ ರಶ್ಶಿನಲ್ಲಿ ಹೋಟೆಲಿನ ವೈಫೈನಲ್ಲೇ ಒಂದು ಸಲ ತೆರೆದು ನೋಡಿ.