ಇಲ್ಲದ ನಾಯಿಗೆ ಬಂದ ಜ್ವರ

"ಡೇಟಿಂಗ್ ಆ್ಯಪ್‌ಗೆ ಬಯೋ ಬರೆಯಬೇಕು. ಹೇಳಿಕೊಳ್ಳುವಂಥ ಹವ್ಯಾಸ ಏನೂ ಇಲ್ಲ, ಫೋಟೊಗಳೂ ಅಷ್ಟಕ್ಕಷ್ಟೇ. ಸುಳ್ಳು ಹೇಳದೆ ಎಲ್ಲರಿಗೂ ಇಷ್ಟವಾಗುವ ಹಾಗೆ ಪ್ರೊಫೈಲ್ ಮಾಡೋದು ಹೇಗೆ?"

ನನ್ನ ಮೊದಲ ಪ್ರೊಫೈಲ್‌ನಲ್ಲಿ ಒಂದು ನಾಯಿ ಇತ್ತು. ನನ್ನ ನಾಯಿಯಲ್ಲ.

ಗೆಳೆಯನ ಮನೆಗೆ ಹೋದಾಗ ಅವನ ನಾಯಿ ಬಂದು ನನ್ನ ತೊಡೆಗೆ ಒರಗಿ ಕೂತಿತು, ಅವನು ಫೋಟೊ ತೆಗೆದ. ಅದರಲ್ಲಿ ನಾನು ನಗುತ್ತಿರುವ ಹಾಗೆ ಕಾಣುತ್ತೇನೆ. ನಿಜವಾಗಿ ಅದು ಹೆದರಿಕೆಗೆ ಹಲ್ಲು ಕಿರಿದದ್ದು. ಆದರೆ ಬೆಳಕು ಚೆನ್ನಾಗಿತ್ತು, ಅಂಗಿ ಹೊಸದಾಗಿತ್ತು. ಅದನ್ನೇ ಮೊದಲ ಫೋಟೊ ಮಾಡಿದೆ. ಕೆಳಗೆ ಬಯೋ: "ಪ್ರಯಾಣ, ಸಂಗೀತ, ಸಿನಿಮಾ ಇಷ್ಟ. ಸರಳ ವ್ಯಕ್ತಿ. ಉಳಿದದ್ದು ಮಾತಾಡಿ ತಿಳಿಯೋಣ." ಅಂದರೆ ನಿಮ್ಮ ಹಾಗೇ, ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಅಂದುಕೊಂಡವನು ನಾನೂ.

ಲೈಕ್‌ಗಳು ಬಂದವು. ಒಬ್ಬರು ಬರೆದರು: "ನಾಯಿ ಹೆಸರೇನು?" ಹೆಸರು ಗೊತ್ತಿತ್ತು, ಹೇಳಿದೆ. "ವಯಸ್ಸೆಷ್ಟು?" ಗೊತ್ತಿರಲಿಲ್ಲ. "ಮೂರು" ಅಂದೆ.

ನನ್ನ ತಪ್ಪು ಆಗಿದ್ದು ಇಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ತಪ್ಪು ಫೋಟೊದ್ದು ಅಂತ ನಾನೇ ತುಂಬಾ ದಿನ ನಂಬಿದ್ದೆ. ಫೋಟೊದಲ್ಲಿ ಸುಳ್ಳಿರಲಿಲ್ಲ. ನಾನು ನಾನೇ, ನಾಯಿ ನಾಯಿಯೇ, ಫಿಲ್ಟರ್ ಕೂಡ ಹಾಕಿರಲಿಲ್ಲ. ಬಯೋದಲ್ಲಿ ನಾಯಿಯ ಸುದ್ದಿಯೇ ಇರಲಿಲ್ಲ. ಆದರೆ ಮೊದಲ ಫೋಟೊ ನೋಡಿದವರು ಅದನ್ನು ಫೋಟೊ ಅಂತ ನೋಡುವುದಿಲ್ಲ, ನನ್ನ ದಿನಚರಿ ಅಂತ ಓದುತ್ತಾರೆ. ನಾಯಿ ಇದೆ ಅಂದರೆ ಇವನು ಬೆಳಿಗ್ಗೆ ಬೇಗ ಏಳುತ್ತಾನೆ, ಹೊರಗೆ ಸುತ್ತಾಡುತ್ತಾನೆ, ಮನೆಯಲ್ಲಿ ಕೂದಲು ಬಿದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಇದ್ಯಾವುದೂ ನಾನಲ್ಲ. "ಗೆಳೆಯನ ನಾಯಿ ಅದು, ನನಗೆ ನಾಯಿ ಅಂದರೆ ಸ್ವಲ್ಪ ಭಯ" ಅನ್ನಲು ಅವತ್ತು ಐದು ಸೆಕೆಂಡು ಸಾಕಿತ್ತು, ಅವರೂ ನಗುತ್ತಿದ್ದರು. "ಮೂರು" ಅಂದದ್ದರಿಂದ, ಫೋಟೊ ನೋಡಿ ಅವರು ಊಹಿಸಿದ್ದಕ್ಕೆಲ್ಲ ನಾನೇ ರುಜು ಹಾಕಿದಂತಾಯಿತು.

ಅವರ ಮನೆಯಲ್ಲಿ ವಯಸ್ಸಾದ ನಾಯಿಯೊಂದಿತ್ತು. ಎರಡನ್ನೂ ಒಟ್ಟಿಗೆ ಸುತ್ತಾಡಿಸೋಣ ಅಂದರು. ನಮ್ಮದಕ್ಕೆ ಹುಷಾರಿಲ್ಲ ಅಂದೆ. ಜ್ವರವಾ? ಹೌದು, ಜ್ವರ. ಮರುದಿನ ಬೆಳಿಗ್ಗೆ ಮೆಸೇಜು: ನೀರು ಕುಡಿಯಿತಾ? ಮೂಗು ಮುಟ್ಟಿ ನೋಡಿ ಹೇಳೋಕಾಗಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ನಾನು ಆಫೀಸಿನಲ್ಲಿ ಕೂತು, ಇಲ್ಲದ ನಾಯಿ ಚೇತರಿಸಿಕೊಳ್ಳುತ್ತಿದೆ ಅಂತ ಟೈಪ್ ಮಾಡುತ್ತಿದ್ದೆ. ಮೂರು ವಾರ ಕಳೆದು ಎರಡನೇ ಸಲ ಭೇಟಿಯಾದಾಗ ಅವರು ತಮ್ಮ ನಾಯಿಯನ್ನು ಕರೆತಂದಿದ್ದರು. ಅದು ಬಾಲ ಆಡಿಸುತ್ತಾ ಬಂತು, ನಾನು ಎರಡೂ ಕೈ ಎತ್ತಿಕೊಂಡು ಹಿಂದೆ ಸರಿದೆ. ಅವರಿಗೆ ಅಷ್ಟು ಸಾಕಾಯಿತು. "ನಾಯಿ ಇಲ್ಲದಿದ್ದರೆ ಪರವಾಗಿರಲಿಲ್ಲ. ಇಲ್ಲದ ನಾಯಿಯ ಯೋಗಕ್ಷೇಮ ಕೇಳ್ಕೊಂಡು ಕೂತಿದ್ದೆನಲ್ಲ" ಅಂದು ಹೊರಟುಹೋದರು.

ಇನ್ನು ನಿಮ್ಮ ಪ್ರಶ್ನೆ. ಎಲ್ಲರಿಗೂ ಇಷ್ಟವಾಗುವ ಹಾಗೆ ಅಂದಿದ್ದೀರಿ, ಆ ಆಸೆ ಮೊದಲು ಬಿಡಿ. ನನ್ನ ಮೊದಲ ಬಯೋ ಎಲ್ಲರಿಗೂ ಹೊಂದುವಂಥದ್ದೇ. ಸಂಗೀತ ಇಷ್ಟವಿಲ್ಲದವರು ಯಾರಿದ್ದಾರೆ? ಅದನ್ನು ಓದಿ ಯಾರಿಗೂ ಬೇಡ ಅನ್ನಿಸುವುದಿಲ್ಲ, ಹಾಗೇ ಯಾರಿಗೂ ಒಂದು ಪ್ರಶ್ನೆ ಕೇಳಬೇಕು ಅಂತಲೂ ಅನ್ನಿಸುವುದಿಲ್ಲ. ಅದಕ್ಕೇ ಎಲ್ಲರೂ ನಾಯಿಯನ್ನು ಹಿಡಿದುಕೊಂಡರು. ಪ್ರೊಫೈಲ್‌ನಲ್ಲಿ ಕೇಳುವಂಥದ್ದು ಅಂತ ಇದ್ದದ್ದು ಅದೊಂದೇ.

ಹವ್ಯಾಸವಿಲ್ಲ ಅನ್ನುವುದನ್ನೂ ನಾನು ನಂಬುವುದಿಲ್ಲ. ಕಳೆದ ವಾರ ಯಾರೂ ಹೇಳದೆ, ಯಾರಿಗೂ ತೋರಿಸುವ ಉದ್ದೇಶವಿಲ್ಲದೆ ಒಂದು ಗಂಟೆ ಏನು ಮಾಡಿದಿರಿ? ನನ್ನ ಮಟ್ಟಿಗೆ ಅದು ಹಳೆಯ ಕೀಲಿ ಗಡಿಯಾರ ರಿಪೇರಿ. ಮುದುಕರ ಕೆಲಸ ಅಂತ ಮುಚ್ಚಿಟ್ಟಿದ್ದೆ. ಎರಡನೇ ಬಯೋ ಹೀಗಾಯಿತು: "ರಾತ್ರಿ ಊಟವಾದ ಮೇಲೆ ಹಳೆಯ ಗಡಿಯಾರ ಬಿಚ್ಚಿಕೊಂಡು ಕೂರುತ್ತೇನೆ. ಇದುವರೆಗೆ 11 ನಡೆಯುತ್ತಿವೆ, 4 ನನ್ನ ಕೈಯಲ್ಲೇ ಸತ್ತವು. ತುಂಬಾ ಜನ ಸೇರಿದ ಕಡೆ ಒಂದು ಗಂಟೆಗೇ ಸುಸ್ತಾಗುತ್ತೇನೆ. ನಿಮ್ಮ ಮನೆಯಲ್ಲಿ ನಿಂತುಹೋದ ಗಡಿಯಾರ ಇದ್ದರೆ ಎಷ್ಟು ಗಂಟೆಗೆ ನಿಂತಿದೆ ಹೇಳಿ." ಕೊನೆಯ ವಾಕ್ಯ ನೋಡಿ, ಉತ್ತರ ಬರೆಯುವುದು ಅಲ್ಲಿಂದ ಸುಲಭ. ಜನಸಂದಣಿಯ ವಾಕ್ಯ ತಪ್ಪೊಪ್ಪಿಗೆಯಲ್ಲ, ವಾರಕ್ಕೆರಡು ಪಾರ್ಟಿ ಬೇಕು ಅನ್ನುವವರಿಗೆ ದಾರಿ ಬಿಟ್ಟದ್ದು. ಇದಕ್ಕಿಂತ ಮುಂದೆ ಹೋಗಬೇಡಿ. ಕೋಪ, ಸೋಮಾರಿತನ, ಹಳೆಯ ಸಂಬಂಧದ ನೋವು ಇದನ್ನೆಲ್ಲ ಪಟ್ಟಿ ಮಾಡಿದರೆ ಪ್ರಾಮಾಣಿಕತೆ ಆಗುವುದಿಲ್ಲ, ಪರಿಚಯವೇ ಇಲ್ಲದವರ ಮೇಲೆ ಹೊರೆ ಹೊರಿಸಿದಂತೆ.

ಫೋಟೊ ಆರಿಸುವ ಕೆಲಸ ಮಾತ್ರ ನೀವು ಮಾಡಬೇಡಿ. ಇದು ನನ್ನ ಒಬ್ಬನ ಹಟವಲ್ಲ. 2017ರಲ್ಲಿ ಡೇವಿಡ್ ವೈಟ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜನ ತಮ್ಮ 12 ಫೋಟೊಗಳಿಂದ ತಾವೇ ಒಂದನ್ನು ಆರಿಸಿದರು, ಅಪರಿಚಿತರೂ ಅವೇ ಫೋಟೊಗಳಿಂದ ಆರಿಸಿದರು. ನೋಡಿದವರಿಗೆ ಹೆಚ್ಚು ಒಳ್ಳೆಯ ಅಭಿಪ್ರಾಯ ಮೂಡಿಸಿದ್ದು ಅಪರಿಚಿತರು ಆರಿಸಿದವು. ನಮ್ಮ ಮುಖವನ್ನು ನಾವು ಹೆಚ್ಚಾಗಿ ನೋಡುವುದು ಕನ್ನಡಿಯಲ್ಲಿ, ಎಡ ಬಲ ಅದಲುಬದಲಾಗಿ. ಉಳಿದವರು ನೋಡುವ ಮುಖವೇ ಬೇರೆ.

ನನ್ನ ಫೋನನ್ನು ತಂಗಿಯ ಕೈಗೆ ಕೊಟ್ಟೆ. ನಾನು ಜೋಪಾನ ಮಾಡಿದ್ದ ಸೆಲ್ಫಿಗಳನ್ನು ನೋಡಿ "ಅಣ್ಣ, ಇದ್ಯಾರು?" ಅಂದಳು. ಅವಳ ತಪ್ಪಿಲ್ಲ. ಕೈಯಳತೆಯಲ್ಲಿ, 30 ಸೆಂಟಿಮೀಟರ್ ದೂರದಿಂದ ತೆಗೆದರೆ, 1.5 ಮೀಟರ್ ದೂರದಿಂದ ತೆಗೆದದ್ದಕ್ಕಿಂತ ಮೂಗು ಶೇ 30ರಷ್ಟು ಅಗಲ ಕಾಣುತ್ತದೆ ಅಂತ 2018ರ ಲೆಕ್ಕಾಚಾರವೊಂದಿದೆ. ಹತ್ತಿರ ಇದ್ದದ್ದು ದೊಡ್ಡದು, ಕಿವಿ ದೂರ, ಅಷ್ಟೇ ವಿಷಯ. ಅವಳು ಆರಿಸಿದ್ದು ತಾನೇ ಯಾವಾಗಲೋ ಕದ್ದು ತೆಗೆದದ್ದು: ಕಿಟಕಿ ಪಕ್ಕದ ಮೇಜು, ಒಂದು ಕಣ್ಣಿಗೆ ಭೂತಗನ್ನಡಿ, ನಾಲಿಗೆ ಸ್ವಲ್ಪ ಹೊರಗೆ. ನನಗೆ ನಾಚಿಕೆಯಾಯಿತು. ಹಾಕಲೇಬೇಕು ಅಂದಳು, ಜೊತೆಗೆ ಮುಖ ನೇರವಾಗಿ ಕಾಣುವ ಒಂದು, ಅಡಿಯಿಂದ ಮುಡಿವರೆಗೆ ಒಂದು, ಎಲ್ಲ ಇದೇ ವರ್ಷದ್ದು. ಕೂಲಿಂಗ್ ಗ್ಲಾಸ್ ಹಾಕಿದ್ದನ್ನೂ, ಐದು ಜನರ ನಡುವೆ ನನ್ನನ್ನು ಹುಡುಕಬೇಕಾದದ್ದನ್ನೂ ಅಳಿಸಿದಳು. ಮುಖ ಕಾಣುವುದನ್ನು ಮೊದಲು ಹಾಕಿ, ನಾಲಿಗೆಯದ್ದನ್ನು ಎರಡನೆಯದು ಮಾಡಿದೆವು. ಅವಳು ಆರಿಸುವಾಗ ನಾನು ಪಕ್ಕದಲ್ಲಿ ಕೂತು ಗೊಣಗಿದೆ. ನೀವು ಎದ್ದು ಹೊರಗೆ ಹೋಗಿ.

ಲೈಕ್‌ಗಳು ಅರ್ಧಕ್ಕಿಂತ ಕೆಳಗಿಳಿದವು. ಮೊದಲೆರಡು ವಾರ ಬಯೋ ಬದಲಾಯಿಸಲು ಕೈ ತುರಿಸುತ್ತಿತ್ತು. ಆದರೆ ಬಂದ ಮೆಸೇಜುಗಳ ರೀತಿ ಬೇರೆ. "ಹಾಯ್" ಕಡಿಮೆ, ಗಡಿಯಾರ ಜಾಸ್ತಿ. ಒಬ್ಬರು ಕೇಳಿದರು: "ನಮ್ಮನೆಯದು ನಿಂತಿಲ್ಲ, ಆದರೆ ಮೂರು ಗಂಟೆಗೆ ಏಳು ಸಲ ಹೊಡೆಯುತ್ತೆ. ಹಾಳಾಗಿದೆಯಾ?" ಹಾಳಾಗಿಲ್ಲ. ಹಳೆಯ ಕೆಲವು ಗಡಿಯಾರಗಳಲ್ಲಿ ಹೊಡೆತ ಎಣಿಸುವ ಚಕ್ರ ಮುಳ್ಳುಗಳ ಲೆಕ್ಕ ಕೇಳುವುದಿಲ್ಲ, ತನ್ನ ಪಾಡಿಗೆ ಮುಂದಿನ ಸಂಖ್ಯೆಗೆ ಹೋಗುತ್ತದೆ. ಒಮ್ಮೆ ತಪ್ಪಿದರೆ ತಪ್ಪಿದ್ದೇ. ಯಾವ ತಂತಿ ಎತ್ತಿದರೆ ಅದು ಮತ್ತೆ ಮತ್ತೆ ಹೊಡೆದು ಸರಿಯಾದ ಸಂಖ್ಯೆಗೆ ಬರುತ್ತದೆ ಅಂತ ಫೋನಿನಲ್ಲಿ ಹೇಳಿಕೊಟ್ಟೆ. ಅವರು ಎತ್ತಿದರು, ಆ ಕಡೆಯಿಂದ ಎಂಟು ಹೊಡೆತ ಕೇಳಿಸಿತು, ಆಮೇಲೆ ಒಂಬತ್ತು. ಸರಿಯಾದ ಸಂಖ್ಯೆಗೆ ಬರುವವರೆಗೂ ಇಬ್ಬರೂ ಎಣಿಸುತ್ತಾ ಲೈನಿನಲ್ಲೇ ಇದ್ದೆವು.