55 ಇಂಚಿನ 4ಕೆ ಟಿವಿಯಲ್ಲಿ ಎಸ್‌ಡಿ ಚಾನೆಲ್ ಮಸುಕಾಗಿ ಕಾಣುವುದೇಕೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ. ಹೊಸದಾಗಿ 55 ಇಂಚಿನ 4ಕೆ ಟಿವಿ ತಂದಿದ್ದೇವೆ. ಯೂಟ್ಯೂಬ್ ಚೆಂದ ಕಾಣ್ತದೆ, ಆದರೆ ಡಿಶ್ ಬಾಕ್ಸಿನ ಎಸ್‌ಡಿ ಚಾನೆಲ್ಲಿನಲ್ಲಿ ಯಕ್ಷಗಾನ ಹಚ್ಚಿದರೆ ಮುಖವೆಲ್ಲ ಮಸುಕು, ಕುಣಿಯುವಾಗ ಚೌಕ ಚೌಕ. ಹಳೇ ಟಿವಿಯಲ್ಲಿ ಹೀಗಿರಲಿಲ್ಲ. ಸೆಟ್ಟಿಂಗಿನಲ್ಲಿ ಸರಿ ಆಗ್ತದಾ, ಬಾಕ್ಸ್ ಬದಲಿಸಬೇಕಾ?

ಉತ್ತರ:

ಸಾಕಷ್ಟು ಸುಧಾರಿಸುತ್ತದೆ, ಯೂಟ್ಯೂಬಿನಷ್ಟು ಆಗುವುದಿಲ್ಲ. ಬಾಕ್ಸಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಇದ್ದರೆ ಬಾಕ್ಸ್ ಬದಲಿಸುವುದು ಬೇಡ. ಬಾಕ್ಸಿನಲ್ಲಿ ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ಕೇಬಲ್ಲಿಗೆ ಮಾತ್ರ ಜಾಗವಿದ್ದರೆ ಮೊದಲು ಬಾಕ್ಸ್ ಬದಲಿಸಿ. ಆ ಹಳದಿ ತಂತಿಯೊಂದರಲ್ಲೇ ಬೆಳಕು, ಬಣ್ಣ ಎರಡೂ ಬೆರೆತು ಬರುತ್ತವೆ. ಅವನ್ನು ಮತ್ತೆ ಬೇರ್ಪಡಿಸುವಾಗ ಬಣ್ಣದ ಅಂಚಿನಲ್ಲಿ ಚುಕ್ಕಿಗಳು ಹರಿದಾಡುತ್ತವೆ, ಅದಕ್ಕೆ ಟಿವಿಯಲ್ಲಿ ಯಾವ ಮದ್ದೂ ಇಲ್ಲ.

ಟಿವಿ ಏನು ಮಾಡುತ್ತಿದೆ ಎಂಬುದನ್ನು ಸ್ವಲ್ಪ ನೋಡೋಣ, ಇಲ್ಲದಿದ್ದರೆ ಸೆಟ್ಟಿಂಗ್ ತಿರುಗಿಸುವುದು ಬರೀ ಅಂದಾಜಾಗುತ್ತದೆ. ನಮ್ಮ ಎಸ್‌ಡಿ ಚಿತ್ರ ಹೆಚ್ಚೆಂದರೆ 720×576 ಚುಕ್ಕಿ, ಅಂದರೆ 4,14,720. ನಿಮ್ಮ ಪರದೆ 3840×2160, ಅಂದರೆ 82,94,400. ಸರಿಯಾಗಿ 20 ಪಟ್ಟು. ಪ್ರತಿ 20 ಚುಕ್ಕಿಯಲ್ಲಿ 19ನ್ನು ಟಿವಿಯೇ ಅಕ್ಕಪಕ್ಕ ನೋಡಿ ಊಹಿಸಿ ತುಂಬುತ್ತದೆ. ಬಣ್ಣದ ಮಾಹಿತಿಯಂತೂ ಇನ್ನೂ ಕಡಿಮೆ, 360×288 ಮಾತ್ರ. ಕಟ್ಟುವೇಷದ ಕೆಂಪು ದಗಲೆ ಹಿಂದಿನ ಪರದೆಯ ಮೇಲೆ ಚೆಲ್ಲಿಕೊಂಡಂತೆ ಕಾಣುವುದು ಇದರಿಂದಲೇ.

ಇನ್ನೊಂದು ತೊಡಕಿದೆ. ಎಸ್‌ಡಿಯಲ್ಲಿ ಸೆಕೆಂಡಿಗೆ 50 ಅರ್ಧ ಚಿತ್ರಗಳು ಬರುತ್ತವೆ, ಒಂದರಲ್ಲಿ ಬೆಸ ಸಾಲು, ಮುಂದಿನದರಲ್ಲಿ ಸರಿ ಸಾಲು. ಎರಡನ್ನೂ ಹೆಣೆದು ಪೂರ್ತಿ ಚಿತ್ರ ಮಾಡಬೇಕು. ಭಾಗವತರು ಕೂತಲ್ಲೇ ಹಾಡುತ್ತಿದ್ದರೆ ಹೆಣಿಗೆ ಸುಲಭ. ವೇಷಧಾರಿ ಮಂಡಿ ತಿರುಗುವಾಗ ಬೆಸ ಸಾಲಿನಲ್ಲಿದ್ದ ಕೈ ಸರಿ ಸಾಲು ಬರುವಷ್ಟರಲ್ಲಿ ಬೇರೆಡೆಗೆ ಹೋಗಿರುತ್ತದೆ, ಹಾಗಾಗಿ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳೇಳುತ್ತವೆ. ಹಳೇ ಡಬ್ಬಿ ಟಿವಿ ಅರ್ಧ ಚಿತ್ರಗಳನ್ನು ಒಂದಾದ ಮೇಲೊಂದು ಹಾಗೇ ತೋರಿಸುತ್ತಿತ್ತು. ಹೆಣೆಯುವ ಪ್ರಶ್ನೆಯೇ ಇರಲಿಲ್ಲ, ಪರದೆಯೂ ಚಿಕ್ಕದಿತ್ತು.

ಈಗ ಮುಖ್ಯ ವಿಷಯ: ಈ ಹೆಣಿಗೆಯನ್ನೂ ಹಿಗ್ಗಿಸುವುದನ್ನೂ ಯಾರು ಮಾಡಬೇಕು, ಬಾಕ್ಸೋ ಟಿವಿಯೋ? ಬಾಕ್ಸುಗಳು ಹೆಚ್ಚಾಗಿ 1080i ಹೊರಡಿಸುವ ಹಾಗೆ ಸೆಟ್ ಆಗಿರುತ್ತವೆ. ಆಗ ಬಾಕ್ಸಿನ ಅಗ್ಗದ ಚಿಪ್ಪು ಚಿತ್ರವನ್ನು ಒಮ್ಮೆ ಹೆಣೆದು ಹಿಗ್ಗಿಸಿ, ಮತ್ತೆ ಬೆಸ-ಸರಿ ಸಾಲಾಗಿ ಸೀಳಿ ಕಳಿಸುತ್ತದೆ. ಟಿವಿ ಅದನ್ನು ಎರಡನೇ ಸಲ ಹೆಣೆದು, ಎರಡನೇ ಸಲ ಹಿಗ್ಗಿಸುತ್ತದೆ. ಮೊದಲ ಸುತ್ತಿನಲ್ಲಿ ಆದ ತಪ್ಪು ಎರಡನೇ ಸುತ್ತಿನಲ್ಲಿ ದೊಡ್ಡದಾಗುತ್ತದೆ.

ನೀವು ಹೇಳುವ ಚೌಕಗಳ ಗುಟ್ಟೂ ಇಲ್ಲೇ ಇದೆ. ಪ್ರಸಾರದಲ್ಲಿ ಚಿತ್ರವನ್ನು ಅದುಮುವಾಗ ಸಾಮಾನ್ಯವಾಗಿ 8×8 ಚುಕ್ಕಿಯ ತುಂಡುಗಳಾಗಿ ಕತ್ತರಿಸುತ್ತಾರೆ. ಚಲನೆ ಹೆಚ್ಚಾದಾಗ ತುಂಡುಗಳ ಅಂಚು ಎದ್ದು ಕಾಣುತ್ತದೆ. ಅದನ್ನು ಮರೆಮಾಡುವ ಸೌಲಭ್ಯ ಟಿವಿಯಲ್ಲಿದೆ, ಆದರೆ ಅದು ಹುಡುಕುವುದು 8 ಚುಕ್ಕಿಗೊಂದು ಅಂಚನ್ನು. ಬಾಕ್ಸ್ ಮೊದಲೇ 1920×1080ಕ್ಕೆ ಹಿಗ್ಗಿಸಿದ್ದರೆ ಆ ಚೌಕ ಅಗಲದಲ್ಲಿ 21 ಚುಕ್ಕಿ ಚಿಲ್ಲರೆ, ಎತ್ತರದಲ್ಲಿ 15 ಚುಕ್ಕಿ ಆಗಿರುತ್ತದೆ. ಟಿವಿಗೆ ಅದು ಚೌಕ ಎಂದೇ ತಿಳಿಯದೆ ಇರಬಹುದು. ತಿಳಿಯದಿದ್ದರೆ ಆ ಅಂಚನ್ನು ಚಿತ್ರದ ವಿವರ ಎಂದುಕೊಂಡು ಇನ್ನಷ್ಟು ಹರಿತ ಮಾಡುತ್ತದೆ.

ಆದ್ದರಿಂದ ಬಾಕ್ಸಿನ ಮೆನುವಿನಲ್ಲಿ ವಿಡಿಯೊ ಸೆಟ್ಟಿಂಗಿಗೆ ಹೋಗಿ. ರೆಸಲ್ಯೂಶನ್ ಪಟ್ಟಿಯಲ್ಲಿ Native, Original ಎಂಬಂಥದ್ದು ಇದ್ದರೆ ಅದನ್ನೇ ಹಾಕಿ. ಎಸ್‌ಡಿ ಚಾನೆಲ್ 576 ಆಗಿ, ಎಚ್‌ಡಿ ಚಾನೆಲ್ 1080 ಆಗಿ ಹೋಗುತ್ತದೆ. ಚಾನೆಲ್ ಬದಲಿಸಿದಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗುತ್ತದೆ, ಅದು ದೋಷವಲ್ಲ. ಅಂಥ ಆಯ್ಕೆ ಇಲ್ಲದಿದ್ದರೆ ಮತ್ತು ನೀವು ನೋಡುವುದು ಬರೀ ಎಸ್‌ಡಿಯಾದರೆ ಅರ್ಧ ಚಿತ್ರಗಳನ್ನು ಹಾಗೇ ಕಳಿಸುವ 576i ಹಾಕಿ ನೋಡಿ, ಆಮೇಲೆ ಹೆಣೆದ ಪೂರ್ತಿ ಚಿತ್ರ ಕಳಿಸುವ 576p. ಎಚ್‌ಡಿ ಚಾನೆಲ್ಲೂ ಇದ್ದರೆ ಇದರಿಂದ ಅವೂ ಎಸ್‌ಡಿಗೆ ಇಳಿಯುತ್ತವೆ ಎಂಬುದು ನೆನಪಿರಲಿ. ಹೋಲಿಸಲು ಯಕ್ಷಗಾನಕ್ಕೆ ಕಾಯಬೇಡಿ. ಸುದ್ದಿ ಚಾನೆಲ್ಲಿನ ಕೆಳಗೆ ಓಡುವ ಕನ್ನಡ ಸಾಲನ್ನು ನೋಡಿ: ಒತ್ತಕ್ಷರ ಓಡುತ್ತಿರುವಾಗಲೂ ಬಿಡಿಬಿಡಿಯಾಗಿ ಓದಲು ಬಂದರೆ ಆ ಸೆಟ್ಟಿಂಗ್ ಗೆದ್ದಿತು. ಚಿತ್ರ ಅಡ್ಡಡ್ಡ ಎಳೆದಂತೆ ಕಂಡರೆ ಬಾಕ್ಸಿನಲ್ಲಿ 16:9 ಇಟ್ಟು, 4:3 ಕಾರ್ಯಕ್ರಮಗಳನ್ನು ಎಳೆಯದೆ ಎಡಬಲದಲ್ಲಿ ಕಪ್ಪು ಪಟ್ಟಿ ಬಿಡುವ ಆಯ್ಕೆ ಮಾಡಿ. ಪರದೆ ತುಂಬಲಿ ಎಂದು Zoom ಹಾಕಿದರೆ ಇದ್ದ 576 ಸಾಲಿನಲ್ಲೂ ಮೇಲೆ ಕೆಳಗೆ ಕತ್ತರಿ ಬೀಳುತ್ತದೆ.

ಇನ್ನು ಟಿವಿ. ಡಿಶ್ ಬಾಕ್ಸಿನ ಎಚ್‌ಡಿಎಂಐ ಇನ್‌ಪುಟ್ಟಿನಲ್ಲಿ ಇದ್ದುಕೊಂಡೇ ಬದಲಿಸಿ. ಬಹುತೇಕ ಟಿವಿಗಳು ಪ್ರತಿ ಇನ್‌ಪುಟ್ಟಿಗೆ ಬೇರೆ ಬೇರೆ ಸೆಟ್ಟಿಂಗ್ ನೆನಪಿಡುತ್ತವೆ, ಎಲ್ಲದಕ್ಕೂ ಅನ್ವಯಿಸು ಎಂದು ಕೇಳಿದರೆ ಬೇಡ ಎನ್ನಿ, ಯೂಟ್ಯೂಬಿನ ಚಿತ್ರ ಹಾಗೇ ಉಳಿಯುತ್ತದೆ. ಮೊದಲು Vivid ಅಥವಾ Dynamic ಬಿಟ್ಟು Standard ಇಲ್ಲವೇ Cinema ಮೋಡಿಗೆ ಬನ್ನಿ. ಅಂಗಡಿಯ ಬೆಳಕಿಗೆ ಹೊಂದಿಸಿದ ಆ ಮೋಡುಗಳು ಎಸ್‌ಡಿಯ ಕಸವನ್ನೆಲ್ಲ ಎತ್ತಿ ತೋರಿಸುತ್ತವೆ.

ಆಮೇಲೆ Sharpness. ಚಾನೆಲ್ಲಿನ ಲೋಗೊ ಸುತ್ತ ಬಿಳಿ ಗೆರೆ ಕಾಣುತ್ತದೆಯೇ ನೋಡಿ. ಅದು ಚಿತ್ರದಲ್ಲಿ ಇಲ್ಲದ್ದು, ಟಿವಿ ಬಳಿದದ್ದು. ಗೆರೆ ಮಾಯವಾಗುವವರೆಗೆ ಇಳಿಸಿ. ಸೋನಿಯಲ್ಲಿ ಇದು 50ರ ಆಸುಪಾಸು, ಸ್ಯಾಮ್‌ಸಂಗಿನಲ್ಲಿ 0ಯ ಹತ್ತಿರ ಬರುತ್ತದೆ, ಹಾಗಾಗಿ ಬೇರೆ ಕಂಪನಿಯವರು ಹೇಳಿದ ಅಂಕೆ ನಿಮಗೆ ಉಪಯೋಗಕ್ಕೆ ಬಾರದು. Super Resolution, Reality Creation ಮುಂತಾದವನ್ನು ಈ ಇನ್‌ಪುಟ್ಟಿಗೆ ಆಫ್ ಮಾಡಿ ಅಥವಾ ಕನಿಷ್ಠಕ್ಕಿಡಿ. ಚಲನೆ ನಯ ಮಾಡುವ ಸೌಲಭ್ಯವೂ ಆಫ್, ಇಲ್ಲದಿದ್ದರೆ ಕುಣಿತದಲ್ಲಿ ಕೈಕಾಲಿನ ಸುತ್ತ ಚಿತ್ರ ಹರಿದುಹೋಗುತ್ತದೆ.

ಕೊನೆಗೆ ನಾಯ್ಸ್ ರಿಡಕ್ಷನ್. ಇದರಲ್ಲಿ ಎರಡು ಬಗೆ. MPEG ಅಥವಾ Digital ಎಂದಿರುವುದು ಚೌಕಗಳಿಗೆ, ಅದನ್ನು ಮಧ್ಯಮಕ್ಕಿಡಿ. ಸಾದಾ ಅಥವಾ Random ಎಂದಿರುವುದು ಕುದಿಯುವ ಚುಕ್ಕಿಗಳಿಗೆ, ಅದು Low ಸಾಕು. ಹೆಚ್ಚಾಯಿತೋ ಇಲ್ಲವೋ ವೇಷದ ಮುಖ ನೋಡಿ ಹೇಳಬಹುದು: ಹಣೆಯ ನಾಮ, ಕಣ್ಣಿನ ಸುತ್ತಲಿನ ಸಣ್ಣ ಗೆರೆ ಅಳಿಸಿಹೋಗಿ ಮುಖ ಮೇಣದಂತಾದರೆ, ಇಲ್ಲವೇ ಬೀಸಿದ ಕೈಯ ಹಿಂದೆ ನೆರಳು ಎಳೆದುಕೊಂಡು ಬಂದರೆ ಒಂದು ಹಂತ ಇಳಿಸಿ. ನನ್ನ ಮಟ್ಟಿಗೆ ಸ್ವಲ್ಪ ಚುಕ್ಕಿ ಇದ್ದರೂ ಪರವಾಗಿಲ್ಲ, ಮುಖವರ್ಣಿಕೆ ಉಳಿಯಬೇಕು.

ಕೂರುವ ದೂರವೂ ಲೆಕ್ಕಕ್ಕಿದೆ. 55 ಇಂಚಿನ ಪರದೆಯಲ್ಲಿ 576 ಸಾಲುಗಳು ಸಾಮಾನ್ಯ ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಿರಲು ಸುಮಾರು 13 ಅಡಿ ಬೇಕು, 1080 ಸಾಲಿಗೆ 7 ಅಡಿ ಸಾಕು. ಜಗಲಿ ಕಿರಿದಾಗಿದ್ದರೆ ಇದಕ್ಕೆ ಉಪಾಯವಿಲ್ಲ, ಅದೇ ಚಾನೆಲ್ಲಿನ ಎಚ್‌ಡಿ ಇದ್ದರೆ ಅದನ್ನು ಹಾಕಿಸಿಕೊಳ್ಳುವುದೇ ಒಳ್ಳೆಯದು.

ಮಳೆಗಾಲದಲ್ಲಿ ಬರುವ ಚೌಕಗಳು ಬೇರೆ ಜಾತಿಯವು. ಚಿತ್ರ ಅಲ್ಲಲ್ಲೇ ನಿಂತು, ಸ್ವರವೂ ಕಡಿದು ಕಡಿದು ಬಂದರೆ ಜಡಿಮಳೆಗೆ ಸಿಗ್ನಲ್ ಕುಗ್ಗಿದೆ ಎಂದರ್ಥ. ಆಗ ಟಿವಿ ಮುಟ್ಟಬೇಡಿ, ಬಾಕ್ಸಿನ ಸಿಗ್ನಲ್ ಕ್ವಾಲಿಟಿ ಪುಟ ನೋಡಿ. ಮಳೆ ನಿಂತ ಮೇಲೂ ಅದು ಏರದಿದ್ದರೆ ಡಿಶ್ಶಿನ ದಿಕ್ಕು, ಅದರ ತೋಳಿನ ತುದಿಯ ಎಲ್‌ಎನ್‌ಬಿಗೆ ಕೇಬಲ್ ಸೇರುವಲ್ಲಿ ಹೊಕ್ಕ ನೀರು, ಎದುರು ಬೆಳೆದ ಅಡಿಕೆ ಹೆಡೆ, ಈ ಮೂರನ್ನು ನೋಡಿಸಿ.