ಒಂದು ವರ್ಷದ ಅಧ್ಯಯನ ರಜೆ: ಹೋಗುವ ಮೊದಲು ಬರೆಸಿಕೊಳ್ಳಬೇಕಾದ್ದು

ಪ್ರಶ್ನೆ: 14 ವರ್ಷದ ಅನುಭವ ಇದೆ, ಎಂಟು ಜನರ ತಂಡ ನೋಡಿಕೊಳ್ತಿದ್ದೇನೆ. ಸೆಪ್ಟೆಂಬರ್‌ನಿಂದ ಒಂದು ವರ್ಷ ರಜೆ ಹಾಕಿ ಸ್ನಾತಕೋತ್ತರ ಪದವಿ ಮಾಡಬೇಕು ಅಂತಿದ್ದೇನೆ. ಮ್ಯಾನೇಜರ್ ಒಪ್ಪಿದ್ದಾರೆ. ವಾಪಸ್ ಬಂದಾಗ ಇದೇ ಜಾಗ ಸಿಗುತ್ತಾ, ಬಡ್ತಿ ತಪ್ಪಿಹೋಗುತ್ತಾ? ಹೇಗೆ ಪ್ಲಾನ್ ಮಾಡಬೇಕು?

ಮ್ಯಾನೇಜರ್ ಒಪ್ಪಿದ್ದು ಒಳ್ಳೆಯದೇ, ಆದರೆ ಅದನ್ನೇ ನಂಬಿಕೊಂಡು ಹೊರಡಬೇಡಿ. ಹನ್ನೆರಡು ತಿಂಗಳಲ್ಲಿ ಅವರಿಗೇ ವರ್ಗವಾಗಬಹುದು, ವಿಭಾಗವೇ ಮರುರಚನೆಯಾಗಬಹುದು. ಆಗ ನಿಮ್ಮ ಕೈಯಲ್ಲಿ ಉಳಿಯುವುದು ರಜೆ ಮಂಜೂರಾತಿ ಪತ್ರ ಒಂದೇ. ಅದನ್ನು ಎಚ್‌ಆರ್ ವಿಭಾಗದಿಂದ ಪಡೆಯಿರಿ. ಅದರ ಪದಗಳ ಮೇಲೆ ಕೂತು ಕೆಲಸ ಮಾಡಲು ಕನಿಷ್ಠ ಆರು ತಿಂಗಳು ಇಟ್ಟುಕೊಳ್ಳಿ.

ಇಂಥ ಪತ್ರಗಳಲ್ಲಿ ಸಾಮಾನ್ಯವಾಗಿ ‘ರಜೆಯ ನಂತರ ಇದೇ ಅಥವಾ ಸಮಾನ ಹುದ್ದೆ ನೀಡಲಾಗುವುದು’ ಎಂಬ ಸಾಲಿರುತ್ತದೆ. ಜಾಗ ಕಳೆದುಕೊಳ್ಳುವವರಲ್ಲಿ ಹಲವರು ಕಳೆದುಕೊಳ್ಳುವುದು ಆ ‘ಸಮಾನ’ ಅನ್ನುವ ಒಂದು ಪದದಲ್ಲಿ. ಗ್ರೇಡ್ ಅದೇ, ಸಂಬಳ ಅದೇ, ಆದರೆ ಕೈಕೆಳಗೆ ಒಬ್ಬರೂ ಇಲ್ಲದ ‘ವಿಶೇಷ ಯೋಜನೆ’ಯ ಕುರ್ಚಿ ಕೊಟ್ಟರೂ ಕಾಗದದ ಮೇಲೆ ಅದು ಸಮಾನವೇ. ಹಾಗಾಗಿ ಸಮಾನ ಎಂದರೆ ಏನು ಎಂಬುದನ್ನು ಅಲ್ಲೇ ಬಿಡಿಸಿ ಬರೆಸಿ: ಯಾವ ಗ್ರೇಡ್, ಯಾರಿಗೆ ವರದಿ ಮಾಡುವ ಹುದ್ದೆ, ತಂಡದ ಜವಾಬ್ದಾರಿ ಇರುತ್ತದೆಯೇ, ಯಾವ ಊರು. ಇದೇ ತಂಡ ಬೇಕೇ ಬೇಕು ಎಂದು ಪಟ್ಟು ಹಿಡಿದರೆ ಸಂಸ್ಥೆ ಹಿಂಜರಿಯುತ್ತದೆ, ಅದು ಸಹಜ ಕೂಡ. ‘ಆರಕ್ಕೆ ಕಡಿಮೆಯಿಲ್ಲದ ಜನರ ತಂಡದ ಜವಾಬ್ದಾರಿ ಇರುವ, ಇದೇ ಗ್ರೇಡ್‌ನ ಹುದ್ದೆ’ ಎಂದು ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು.

ಅದೇ ಪತ್ರದಲ್ಲಿ ಇನ್ನೆರಡು ವಿಷಯ ಬರಬೇಕು. ರಜೆಯ ಅವಧಿ ಸೇವೆಗೆ ಸೇರುತ್ತದೆಯೇ ಎಂಬುದು ಮೊದಲನೆಯದು. ಸೇರದಿದ್ದರೆ ಸೀನಿಯಾರಿಟಿ, ವಾರ್ಷಿಕ ವೇತನ ಹೆಚ್ಚಳ, ನಿವೃತ್ತಿ ಸೌಲಭ್ಯ ಎಲ್ಲವೂ ಒಂದು ವರ್ಷ ಹಿಂದೆ ಸರಿಯಬಹುದು. ಎರಡನೆಯದು, ಕೋರ್ಸ್ ತಡವಾದರೆ ರಜೆ ಎಷ್ಟು ದಿನ ವಿಸ್ತರಿಸಬಹುದು, ಎಷ್ಟು ಮುಂಚೆ ಕೇಳಬೇಕು ಎಂಬುದು. ಒಂದು ವರ್ಷದ ಸ್ನಾತಕೋತ್ತರ ಕೋರ್ಸ್‌ಗಳಲ್ಲಿ ಪ್ರಬಂಧ ಕೊನೆಯ ತಿಂಗಳುಗಳಿಗೆ ಬೀಳುತ್ತದೆ, ತಡವಾಗುವುದೂ ಅದೇ. ಅರ್ಧ ಬರೆದ ಪ್ರಬಂಧ ಹೊತ್ತು ಕೆಲಸಕ್ಕೆ ಮರಳಿದರೆ ಪದವಿಯೂ ನಿಧಾನ, ಕೆಲಸವೂ ನಿಧಾನ. ಹಾಗಾಗಿ ಪ್ರಬಂಧ ಸಲ್ಲಿಸುವ ದಿನಕ್ಕೂ ಮರಳಿ ಸೇರುವ ದಿನಕ್ಕೂ ನಡುವೆ ಮೂರು ವಾರವಾದರೂ ಖಾಲಿ ಬಿಟ್ಟುಕೊಳ್ಳಿ.

ಇನ್ನು ಬಡ್ತಿಯ ವಿಷಯ. ನಿಮ್ಮಲ್ಲಿ ಅಪ್ರೈಸಲ್ ಜನವರಿಯಿಂದ ಡಿಸೆಂಬರ್ ಅವಧಿಗೆ ನಡೆಯುತ್ತದೆ, ರೇಟಿಂಗ್ ಕೊಡಲು ಆರು ತಿಂಗಳ ಹಾಜರಿ ಬೇಕು ಎಂದುಕೊಳ್ಳೋಣ. ಸೆಪ್ಟೆಂಬರ್ 1ಕ್ಕೆ ಹೊರಟರೆ ಮೊದಲ ವರ್ಷ ಎಂಟು ತಿಂಗಳ ಕೆಲಸ ಸಿಗುತ್ತದೆ, ಅಂದರೆ ರೇಟಿಂಗ್‌ಗೆ ಅರ್ಹ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಬಂದಾಗ ಉಳಿಯುವುದು ನಾಲ್ಕೇ ತಿಂಗಳು, ಅರ್ಹತೆ ಇಲ್ಲ. ಲೆಕ್ಕದ ಪ್ರಕಾರ ಹೋಗುವುದು ಒಂದೇ ವರ್ಷ. ಆದರೆ ಮೊದಲ ವರ್ಷದ ರೇಟಿಂಗ್ ತೀರ್ಮಾನವಾಗುವ ಸಭೆ ಡಿಸೆಂಬರ್‌ನಲ್ಲಿ. ನೀವು ಹೋಗಿ ಮೂರು ತಿಂಗಳು ದಾಟಿರುತ್ತದೆ, ನಿಮ್ಮ ಕೆಲಸ ನೆನಪಿಸಿ ವಾದಿಸುವವರು ಆ ಕೋಣೆಯಲ್ಲಿ ಇರುವುದಿಲ್ಲ. ಹೀಗೆ ಆ ಮೊದಲ ವರ್ಷವೂ ಸದ್ದಿಲ್ಲದೆ ಕೈಬಿಡಬಹುದು. ಇದಕ್ಕೆ ಮದ್ದು ಸರಳ: ಆಗಸ್ಟ್‌ನಲ್ಲೇ ಎಂಟು ತಿಂಗಳ ಮೌಲ್ಯಮಾಪನವನ್ನು ಲಿಖಿತವಾಗಿ ಮುಗಿಸಿ, ಮ್ಯಾನೇಜರ್ ಅದನ್ನು ವ್ಯವಸ್ಥೆಯಲ್ಲಿ ದಾಖಲಿಸಿದ್ದಾರೆಯೇ ನೋಡಿಕೊಂಡು ಹೊರಡಿ. ಮರುವರ್ಷಕ್ಕೆ ‘ರೇಟಿಂಗ್ ಅನ್ವಯಿಸುವುದಿಲ್ಲ’ ಎಂದೇ ದಾಖಲಾಗಬೇಕು ಅಂತ ಕೇಳಿ. ಏನೂ ಹೇಳದಿದ್ದರೆ ಸಾಧಾರಣ ದರ್ಜೆ ತಾನಾಗಿ ಕೂತುಬಿಡುವ ಸಾಧ್ಯತೆ ಇದೆ. ಮೂರು ವರ್ಷದ ರೇಟಿಂಗ್ ನೋಡಿ ಬಡ್ತಿ ಕೊಡುವ ಕಡೆ ಆ ಒಂದು ಸಾಧಾರಣ ದರ್ಜೆ ಖಾಲಿ ಜಾಗಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಸಂಸ್ಥೆ ಸಂಬಳವನ್ನೋ ಶುಲ್ಕವನ್ನೋ ಕೊಡುವುದಾದರೆ ಸಾಮಾನ್ಯವಾಗಿ ಬಾಂಡ್ ಇರುತ್ತದೆ. ಅರ್ಧ ಸಂಬಳಕ್ಕೆ ಮೂರು ವರ್ಷದ ಬಾಂಡ್ ಅಂತಿಟ್ಟುಕೊಳ್ಳಿ. ಒಂದು ವರ್ಷ ಕಳೆದ ಮೇಲೆ ಬಿಟ್ಟರೆ ಮೂರನೇ ಎರಡು ಭಾಗ ಹಿಂತಿರುಗಿಸಬೇಕೋ ಪೂರ್ತಿಯೋ? ಅವರೇ ನಿಮ್ಮನ್ನು ತೆಗೆದರೆ ಬಾಂಡ್ ರದ್ದಾಗುತ್ತದೆಯೋ? ಈ ಎರಡಕ್ಕೂ ಬರಹದಲ್ಲಿ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ. ಪೂರ್ತಿ ಹಿಂತಿರುಗಿಸಬೇಕು ಎಂಬ ಷರತ್ತಿದ್ದರೆ, ಉಳಿತಾಯ ಸಾಕಷ್ಟಿರುವವರು ಸಂಬಳರಹಿತ ರಜೆಯನ್ನೇ ಆರಿಸಿಕೊಳ್ಳುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿತಾಯದ ಲೆಕ್ಕ ಹಾಕುವಾಗ ಹನ್ನೆರಡು ತಿಂಗಳ ಖರ್ಚಲ್ಲ, ಹದಿನೈದು ತಿಂಗಳದ್ದು ಇಟ್ಟುಕೊಳ್ಳಿ. ಆರೋಗ್ಯ ವಿಮೆಯ ಕಂತು ನೀವೇ ಕಟ್ಟಬೇಕಾಗಬಹುದು, ಮರಳಿದ ಮೇಲೆ ಮೊದಲ ಸಂಬಳ ಬರುವುದೂ ತಡ.

ಕೆಲಸ ಒಪ್ಪಿಸಿ ಹೋಗುವುದರಲ್ಲಿ ಎಲ್ಲರೂ ಕಡತ, ಪಾಸ್‌ವರ್ಡ್, ಕೆಲಸದ ಪಟ್ಟಿ ಕೊಡುತ್ತಾರೆ. ನಿರ್ಧಾರಗಳನ್ನು ಒಪ್ಪಿಸುವುದನ್ನು ಮರೆಯುತ್ತಾರೆ. ರಜೆಗೆ ತಂಡದ ಮನವಿ ಬಂದರೆ ಯಾರ ಸಹಿ, ಗ್ರಾಹಕರು ಗಡುವು ಬದಲಿಸಿ ಎಂದರೆ ಎಷ್ಟರ ಮಟ್ಟಿಗೆ ಒಪ್ಪಬಹುದು, ಖರ್ಚಿಗೆ ಯಾವ ಮಿತಿಯವರೆಗೆ ಹೂಂ ಅನ್ನಬಹುದು, ಇವೆಲ್ಲ ಒಂದೇ ಪುಟದಲ್ಲಿ ಬರೆದಿರಬೇಕು. ಹೊರಡುವ ಎರಡು ತಿಂಗಳ ಮೊದಲು, ಅಂದರೆ ಜುಲೈ ಹೊತ್ತಿಗೆ, ಎರಡು ವಾರ ಸಾಮಾನ್ಯ ರಜೆ ಹಾಕಿ ಪೂರ್ತಿ ದೂರವಿರಿ. ಆ ದಿನಗಳಲ್ಲಿ ಏನೇನಕ್ಕೆ ನಿಮ್ಮನ್ನು ಹುಡುಕಿದರು ಎಂದು ಪ್ರಭಾರ ವಹಿಸಿಕೊಂಡವರಿಗೆ ಗುರುತು ಹಾಕಿಡಲು ಹೇಳಿ. ಆ ಪಟ್ಟಿಯೇ ನಿಮ್ಮ ಹಸ್ತಾಂತರದಲ್ಲಿ ಬಿಟ್ಟುಹೋಗಿರುವುದರ ಪಟ್ಟಿ.

ಆ ಪ್ರಭಾರಿಯ ಬಗ್ಗೆ ಯೋಚಿಸದೆ ಹೊರಡುವುದು ದೊಡ್ಡ ತಪ್ಪು. ವರ್ಷವಿಡೀ ತಂಡವನ್ನು ಚೆನ್ನಾಗಿ ನಡೆಸಿದವರನ್ನು ಮತ್ತೆ ಕೆಳಗಿಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಇಳಿಸುವುದು ನ್ಯಾಯವೂ ಅಲ್ಲ. ಹಾಗಾಗಿ ಅವರ ಆದೇಶದಲ್ಲಿ ‘ಪ್ರಭಾರ’ ಎಂದೂ ಕೊನೆಯ ದಿನಾಂಕವೂ ಇರಲಿ, ಜೊತೆಗೆ ಅವರ ಮುಂದಿನ ಹುದ್ದೆ ಯಾವುದೆಂಬ ಮಾತು ಮ್ಯಾನೇಜರ್ ಜೊತೆ ಈಗಲೇ ಆಗಲಿ. ತಂಡ ದೊಡ್ಡದಾಗುವ ಸೂಚನೆ ಇದ್ದರೆ ಎಂಟು ಜನರಲ್ಲಿ ಮೂವರ ಜವಾಬ್ದಾರಿಯನ್ನು ಅವರಿಗೆ ಶಾಶ್ವತವಾಗಿಯೇ ಬಿಟ್ಟುಕೊಡಿ. ಹಾಗೆ ಮಾಡುವುದಾದರೆ ಪತ್ರದಲ್ಲಿ ನಿಮಗೆ ಕೇಳುವ ಸಂಖ್ಯೆಯನ್ನೂ ಐದಕ್ಕೆ ಇಳಿಸಿ, ಕಲಿತು ಬರುವ ವಿಷಯಕ್ಕೆ ಹೊಂದುವ ಹೊಸ ಕೆಲಸವನ್ನು ಅದಕ್ಕೆ ಸೇರಿಸಲು ಹೇಳಿ.

ರಜೆಯಲ್ಲಿ ಆಫೀಸಿನ ಮೇಲ್ ದಿನಾ ನೋಡಬೇಡಿ. ಓದೂ ಕೆಡುತ್ತದೆ, ಪ್ರಭಾರಿಯ ಮಾತಿಗೆ ಬೆಲೆಯೂ ಇರುವುದಿಲ್ಲ. ಎರಡು ತಿಂಗಳಿಗೊಮ್ಮೆ ಮ್ಯಾನೇಜರ್ ಜೊತೆ ಅರ್ಧ ಗಂಟೆಯ ಕರೆ ಸಾಕು. ಅದರಲ್ಲಿ ಕೇಳಬೇಕಾದ್ದು ಕೆಲಸದ ವಿವರವಲ್ಲ: ಯಾರು ಬಂದರು, ಯಾರು ಹೋದರು, ಮುಂದಿನ ವರ್ಷದ ಬಜೆಟ್‌ನಲ್ಲಿ ನಿಮ್ಮ ಹುದ್ದೆಗೆ ಹಣ ಇಟ್ಟಿದ್ದಾರೆಯೇ. ಈ ಕೊನೆಯ ಪ್ರಶ್ನೆಯನ್ನು ಬಜೆಟ್ ಅಂತಿಮವಾಗುವ ಮೊದಲೇ ಕೇಳಬೇಕು. ಹುದ್ದೆ ಬಜೆಟ್‌ನಿಂದ ಬಿಟ್ಟುಹೋದ ಮೇಲೆ ಪತ್ರ ತೋರಿಸಿದರೂ ಅವರಿಗೆ ಹೊಸದಾಗಿ ಮಂಜೂರಾತಿ ಬೇಕಾಗುತ್ತದೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಮ್ಯಾನೇಜರ್ ಬದಲಾದ ಸುದ್ದಿ ಬಂದರೆ ಮುಂದಿನ ಕರೆಗೆ ಕಾಯದೆ, ಅದೇ ವಾರ ಹೊಸಬರಿಗೆ ಮಂಜೂರಾತಿ ಪತ್ರದ ಪ್ರತಿ ಕಳಿಸಿ, ಪರಿಚಯ ಹೇಳಿಕೊಳ್ಳಿ.

ಮರಳುವ ಮೂರು ತಿಂಗಳ ಮೊದಲು, ಅಂದರೆ ಜೂನ್ ಆರಂಭದಲ್ಲಿ, ಸೇರುವ ದಿನಾಂಕ ತಿಳಿಸಿ ಎಚ್‌ಆರ್‌ಗೆ ಬರೆಯಿರಿ, ಹುದ್ದೆಯ ಹೆಸರನ್ನು ಲಿಖಿತವಾಗಿ ಕೇಳಿ. ಜುಲೈ ಮಧ್ಯಕ್ಕೂ ‘ನೋಡೋಣ, ಬನ್ನಿ ಮೊದಲು’ ಎಂಬ ಉತ್ತರವೇ ಬರುತ್ತಿದ್ದರೆ ನಿಮಗಾಗಿ ಜಾಗ ಸಿದ್ಧವಾಗಿಲ್ಲ ಎಂದು ತಿಳಿಯಿರಿ. ಆಗ ಮ್ಯಾನೇಜರ್‌ಗಿಂತ ಒಂದು ಮೆಟ್ಟಿಲು ಮೇಲಿನವರ ಹತ್ತಿರ ಮಾತಾಡಿ. ಸಂಸ್ಥೆಯೊಳಗಿನ ಬೇರೆ ವಿಭಾಗಗಳಲ್ಲಿ ಖಾಲಿ ಇರುವ ಹುದ್ದೆಗಳನ್ನೂ ನೋಡಲು ಶುರುಮಾಡಿ, ಆಗಸ್ಟ್‌ವರೆಗೆ ಕಾಯಬೇಡಿ.